ಮೆರಿಟ್ ಎಲ್ಲಿ ಸೋರುತ್ತೆ ಅಂತ ಅವರದೇ ಶೀಟ್ ಹೇಳುತ್ತೆ

"ನಮ್ಮಲ್ಲಿ ಜಾತಿ ಕೇಳಲ್ಲ, ಮೆರಿಟ್ ಮಾತ್ರ ನೋಡ್ತೀವಿ." ಬೆಂಗಳೂರಿನ ಐಟಿ ಕಂಪನಿಗಳ ಎಚ್‌ಆರ್‌ಗಳು ಹೇಳೋ ಮಾತು ಇದು. ಸರಿ, ನಂಬೋಣ. ಆದ್ರೆ ನಂಬೋಕೆ ಮುಂಚೆ ಒಂದು ಶೀಟ್ ತೆಗೆಸಿ ನೋಡೋಣ.

ನೇಮಕಾತಿ ನಡೆಸೋ ಹೆಚ್ಚಿನ ಕಂಪನಿಗಳಲ್ಲಿ ಒಂದು ಟ್ರ್ಯಾಕರ್ ಇರುತ್ತೆ. ಅಭ್ಯರ್ಥಿಗೊಂದು ಸಾಲು. ಅರ್ಜಿ ಎಲ್ಲಿಂದ ಬಂತು (ಜಾಬ್ ಪೋರ್ಟಲ್ಲಾ, ಕ್ಯಾಂಪಸ್ಸಾ, ಒಳಗಿನವರ ರೆಫರಲ್ಲಾ), ಈಗ ಯಾವ ಹಂತದಲ್ಲಿದೆ (ಅರ್ಜಿ, ಶಾರ್ಟ್‌ಲಿಸ್ಟ್, ಇಂಟರ್‌ವ್ಯೂ, ಆಫರ್), ಆ ಹಂತದಲ್ಲಿ ಎಷ್ಟು ದಿನ ಕೂತಿದೆ, ಇವಿಷ್ಟೂ ಅದರಲ್ಲಿರುತ್ತೆ. ಜಾತಿಯ ಕಾಲಂ ಇರಲ್ಲ. ಆದ್ರೂ ಬಾಗಿಲು ಎಲ್ಲಿ ಮುಚ್ಚುತ್ತೆ ಅನ್ನೋದು ಅಲ್ಲೇ ಕಾಣುತ್ತೆ.

ಅರ್ಥ ಆಗಲಿ ಅಂತ ನಾನೇ ಒಂದು ಲೆಕ್ಕ ಹಾಕ್ತೀನಿ. ಒಂದು ಹುದ್ದೆಗೆ ಪೋರ್ಟಲ್‌ನಿಂದ 800 ಅರ್ಜಿ, ರೆಫರಲ್‌ನಿಂದ 100 ಅರ್ಜಿ ಬಂದವು ಅಂದುಕೊಳ್ಳಿ. ಕೊನೆಗೆ ಪೋರ್ಟಲ್‌ನವರಲ್ಲಿ 8 ಜನಕ್ಕೆ, ರೆಫರಲ್‌ನವರಲ್ಲಿ 10 ಜನಕ್ಕೆ ಆಫರ್ ಸಿಕ್ಕಿತು. ಮ್ಯಾನೇಜ್‌ಮೆಂಟ್ ಮುಂದಿಡೋ ವರದಿಯಲ್ಲಿ ಇದು ಹೀಗೆ ಬರುತ್ತೆ: ಪೋರ್ಟಲ್ ಶೇ. 1, ರೆಫರಲ್ ಶೇ. 10. ನೋಡಿದ ತಕ್ಷಣ "ರೆಫರಲ್ ಹತ್ತು ಪಟ್ಟು ಕ್ವಾಲಿಟಿ" ಅಂತಾರೆ. ರೆಫರ್ ಮಾಡಿದವರಿಗೆ ಕೊಡೋ ಬೋನಸ್ ಇನ್ನೂ ಏರುತ್ತೆ.

ಈಗ ಅದೇ ಸಂಖ್ಯೆಯನ್ನ ಹಂತ ಹಂತವಾಗಿ ಬಿಡಿಸಿ. ಪೋರ್ಟಲ್‌ನ 800ರಲ್ಲಿ ಶಾರ್ಟ್‌ಲಿಸ್ಟ್ ಆದವರು 40, ಅವರಲ್ಲಿ ಆಫರ್ 8 ಜನಕ್ಕೆ. ರೆಫರಲ್‌ನ 100ರಲ್ಲಿ ಶಾರ್ಟ್‌ಲಿಸ್ಟ್ 50, ಆಫರ್ 10 ಜನಕ್ಕೆ. ಅಂದ್ರೆ ಇಂಟರ್‌ವ್ಯೂ ಕೋಣೆಯೊಳಗೆ ಕೂತ ಮೇಲೆ ಇಬ್ಬರೂ ಸಮ, ಎರಡೂ ಕಡೆ ಐವರಲ್ಲಿ ಒಬ್ಬರು ಗೆದ್ದರು. ಹತ್ತು ಪಟ್ಟು ವ್ಯತ್ಯಾಸ ಅಷ್ಟೂ ಹುಟ್ಟಿದ್ದು ಅದಕ್ಕಿಂತ ಮುಂಚೆ, ರೆಸ್ಯೂಮೆ ಎತ್ತಿಕೊಳ್ಳುವಾಗ. ಸಾಮರ್ಥ್ಯವನ್ನ ಯಾರೂ ಪರೀಕ್ಷೆ ಮಾಡದೇ ಇರೋ ಹಂತ ಅದು.

ಮುಂದೆ ದಿನಗಳ ಕಾಲಂ. ಪೋರ್ಟಲ್‌ನ 800ರಲ್ಲಿ ಎಚ್‌ಆರ್ ತೆರೆದು ನೋಡಿದ್ದು 200 ಅರ್ಜಿ, ಸರಾಸರಿ 6 ದಿನಕ್ಕೆ. ಉಳಿದ 600 ಅರ್ಜಿ 45 ದಿನ ಹಾಗೇ ಬಿದ್ದಿದ್ದು, ಹುದ್ದೆ ತುಂಬಿದ ದಿನ ಒಟ್ಟಿಗೆ ಮುಚ್ಚಿಹೋದವು. ವರದಿಯಲ್ಲಿ ಮಾತ್ರ "ಸರಾಸರಿ ಕಾಯುವಿಕೆ 6 ದಿನ" ಅಂತಿರುತ್ತೆ, ಯಾಕಂದ್ರೆ ನೋಡಿ ಮುಂದಿನ ನಿರ್ಧಾರ ಆದವರನ್ನ ಮಾತ್ರ ಲೆಕ್ಕಕ್ಕೆ ಹಿಡಿದಿರ್ತಾರೆ. ಎಲ್ಲರನ್ನೂ ಸೇರಿಸಿದ್ರೆ ಸುಮಾರು 35 ದಿನ. ಪತ್ತೆ ಹಚ್ಚೋದು ಸುಲಭ: ತಿರಸ್ಕಾರದ ದಿನಾಂಕ ನೋಡಿ. ನೂರಾರು ಸಾಲಿಗೆ ಒಂದೇ ದಿನಾಂಕ, ಒಂದೇ ಕಾರಣ ಬಿದ್ದಿದ್ರೆ ಅವರನ್ನ ಯಾರೂ ನೋಡೇ ಇಲ್ಲ ಅಂತರ್ಥ. ಸೋತವರಲ್ಲ ಅವರು. ಅವರಿಗೆ ಪರೀಕ್ಷೆಯೇ ನಡೆದಿಲ್ಲ.

ಇದರಲ್ಲಿ ಜಾತಿ ಎಲ್ಲಿ ಬಂತು ಅಂತ ಕೇಳ್ತೀರಾ? ರೆಫರ್ ಮಾಡೋರು ಯಾರನ್ನ ಮಾಡ್ತಾರೆ? ಕ್ಲಾಸ್‌ಮೇಟನ್ನ, ಚಿಕ್ಕಪ್ಪನ ಮಗನ್ನ, ಅಪಾರ್ಟ್‌ಮೆಂಟಿನ ಪಕ್ಕದ ಮನೆಯವರನ್ನ. ಕೇರಿಯಿಂದ ಬಂದು ಹಾಸ್ಟೆಲ್‌ನಲ್ಲಿದ್ದು ಮೊದಲ ತಲೆಮಾರಲ್ಲಿ ಡಿಗ್ರಿ ಮಾಡಿದ ನಮ್ಮ ಹುಡುಗಿಗೆ ಆ ಕಂಪನಿಯೊಳಗೆ ಯಾರಿದ್ದಾರೆ? ಆಕೆ ಆ 600ರ ಸಾಲಲ್ಲೇ ನಿಲ್ಲಬೇಕು. ಪೋರ್ಟಲ್ ಸಾಲಲ್ಲೂ ಹೆಸರು ಕಾಡುತ್ತೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಮಾನ ಅರ್ಹತೆಯ ಅರ್ಜಿಗಳನ್ನ ಬೇರೆ ಬೇರೆ ಹೆಸರಲ್ಲಿ ಖಾಸಗಿ ಕಂಪನಿಗಳಿಗೆ ಕಳಿಸಿದ್ರು. ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಮೇಲ್ಜಾತಿ ಹೆಸರಿಗಿದ್ದದ್ದರ ಮೂರನೇ ಎರಡು ಭಾಗದಷ್ಟೇ ಇತ್ತು.

ಒಂದು ಮಿತಿ ನೆನಪಿರಲಿ. ಈ ಶೀಟ್ ಒಂದರಿಂದಲೇ ಜಾತಿ ತಾರತಮ್ಯ ಸಾಬೀತಾಗಲ್ಲ, ಒಂದು ಹುದ್ದೆಯ ಅಂಕಿಯಂತೂ ಸಾಲಲ್ಲ. ವರ್ಷದ ಎಲ್ಲ ಹುದ್ದೆಗಳನ್ನ ಸೇರಿಸಿ ನೋಡಬೇಕು. ಅಭ್ಯರ್ಥಿ ತಾನಾಗಿ ಬರೆದುಕೊಡೋ ಸಮುದಾಯದ ಮಾಹಿತಿ ಬೇಕು, ಅದು ಇಂಟರ್‌ವ್ಯೂ ಮಾಡೋರ ಕಣ್ಣಿಗೆ ಬೀಳದಂತೆ ಬೇರೆ ಇರಬೇಕು.

ಸಂವಿಧಾನದ 16(4)ನೇ ವಿಧಿ ಸರ್ಕಾರಿ ಕೆಲಸದ ಬಾಗಿಲವರೆಗೆ ಬರುತ್ತೆ, ಖಾಸಗಿ ಗೇಟ್ ದಾಟಲ್ಲ. ಖಾಸಗಿ ವಲಯದಲ್ಲೂ ಮೀಸಲಾತಿ ಬೇಕು ಅನ್ನೋ ನಮ್ಮ ಹೋರಾಟ ನಿಲ್ಲಲ್ಲ. ಅದರ ಜೊತೆಗೆ ಇವತ್ತೇ ಕೇಳಬಹುದಾದ ಪ್ರಶ್ನೆ ಇದು: ಸರ್ಕಾರದಿಂದ ಜಮೀನು, ತೆರಿಗೆ ರಿಯಾಯಿತಿ ತಗೊಂಡ ಕಂಪನಿ, ಯಾವ ಮೂಲದಿಂದ ಎಷ್ಟು ಜನ ಬಂದ್ರು, ಯಾವ ಹಂತದಲ್ಲಿ ಎಷ್ಟು ಜನ ಉಳಿದ್ರು, ಎಷ್ಟು ಅರ್ಜಿ ತೆರೆಯದೇ ಮುಚ್ಚಿದ್ರಿ ಅನ್ನೋ ಮೂರು ಅಂಕಿ ಪ್ರತಿ ವರ್ಷ ಹೊರಗಿಡಲಿ. ಒಳಗೆ ಕೆಲಸ ಮಾಡ್ತಿರೋ ನಮ್ಮ ಗೆಳೆಯರು ಮುಂದಿನ ಮೀಟಿಂಗ್‌ನಲ್ಲಿ ಇದನ್ನೇ ಕೇಳಿ. ರೆಫರಲ್ ಎಷ್ಟು ಅಂತ ಕೇಳಬೇಡಿ, ಶಾರ್ಟ್‌ಲಿಸ್ಟ್ ಹಂತದಲ್ಲಿ ಎಷ್ಟು ಅಂತ ಕೇಳಿ.

ಜೈ ಭೀಮ್.