ಕರ್ತೃವಿಲ್ಲದ ನಡಾವಳಿ

ಇಂಟರ್ನ್‌ಶಿಪ್‌ಗೆ ಹೋಗಿದ್ದ ಪ್ರೌಢಶಾಲೆಯಲ್ಲಿ ಪೂರ್ವಸಿದ್ಧತಾ ಪರೀಕ್ಷೆಯ ಕರ್ತವ್ಯ ಹಂಚಿಕೆಗೆ ಶಿಕ್ಷಕರ ಸಭೆ ನಡೆಯಿತು. ನಡಾವಳಿ ಬರೆಯುವ ಕೆಲಸ ನನ್ನದು. ಗುರುವಾರ ತಮ್ಮ ಬದಲು ಹಿಂದಿ ಶಿಕ್ಷಕರನ್ನು ಮೇಲ್ವಿಚಾರಣೆಗೆ ಹಾಕುವಂತೆ ಗಣಿತ ಶಿಕ್ಷಕರು ಕೇಳಿದರು. ಮುಖ್ಯ ಶಿಕ್ಷಕರು ‘ನೋಡೋಣ’ ಎಂದರು. ನಾನು ‘ಕರ್ತವ್ಯ ಬದಲಾವಣೆ ಕುರಿತು ಚರ್ಚಿಸಲಾಯಿತು’ ಎಂದು ಬರೆದೆ. ಗುರುವಾರ 3ನೇ ಕೊಠಡಿಗೆ ಇಬ್ಬರೂ ಬರಲಿಲ್ಲ. ಮಕ್ಕಳು ಹತ್ತು ನಿಮಿಷ ಪ್ರಶ್ನೆಪತ್ರಿಕೆಯಿಲ್ಲದೆ ಕುಳಿತರು. ನಡಾವಳಿ ತೆರೆದು ನೋಡಿದರೆ, ಅಲ್ಲಿ ಯಾರ ಹೆಸರೂ ಇರಲಿಲ್ಲ.

ಕರ್ಮಣಿ ಪ್ರಯೋಗ ಕರ್ತೃವನ್ನು ಮರೆಮಾಡುತ್ತದೆ. ಚರ್ಚೆಯನ್ನು ದಾಖಲಿಸಲು ಅದು ಸಾಕು, ತೀರ್ಮಾನಕ್ಕೆ ಸಾಲದು. ನಾನು ಹೀಗೆ ಬರೆಯಬೇಕಿತ್ತು:

‘ತೀರ್ಮಾನ: ಗುರುವಾರ 3ನೇ ಕೊಠಡಿಗೆ ಗಣಿತ ಶಿಕ್ಷಕರ ಬದಲು ಹಿಂದಿ ಶಿಕ್ಷಕರು. ಕ್ರಮ: ಪರೀಕ್ಷಾ ಉಸ್ತುವಾರಿ ಶಿಕ್ಷಕರು ಬುಧವಾರ ಸಂಜೆ 4ರೊಳಗೆ ಪಟ್ಟಿ ತಿದ್ದಿ, ಇಬ್ಬರ ಸಹಿ ಪಡೆಯುವುದು.’

ಒಪ್ಪಿಗೆ ಸಿಗದಿದ್ದರೆ ‘ಬದಲಾವಣೆ ಇಲ್ಲ, ಮೊದಲಿನ ಪಟ್ಟಿಯೇ ಅಂತಿಮ’ ಎಂಬುದೂ ತೀರ್ಮಾನವೇ. ‘ನೋಡೋಣ’ ಎಂಬುದು ಇವೆರಡರಲ್ಲಿ ಯಾವುದೆಂದು ಊಹಿಸುವ ಅಧಿಕಾರ ಬರೆಯುವವರಿಗಿಲ್ಲ. ಸಭೆ ಮುಗಿಯುವ ಮೊದಲು ತೀರ್ಮಾನಗಳನ್ನು ಗಟ್ಟಿಯಾಗಿ ಓದಬೇಕು. ಅಂದು ನಾನು ಓದಿದ್ದರೆ ‘ಹಾಗಾದರೆ ಯಾರು ಬರಬೇಕು?’ ಎಂದು ಅಲ್ಲೇ ಯಾರಾದರೂ ಕೇಳುತ್ತಿದ್ದರು.