ಹೊಸ ಫರ್ಮ್‌ವೇರ್ ಹಾಕಿದರೆ ಅಗ್ಗದ ಗೇಮ್ ಸಾಧನ ಕೆಟ್ಟುಹೋಗುತ್ತದೆಯೇ?

ಎಂಬತ್ತು-ತೊಂಬತ್ತರ ದಶಕದ ವಿಡಿಯೊ ಗೇಮ್‌ಗಳನ್ನು ಆಡಲೆಂದೇ ತಯಾರಾದ, ಅಂಗೈ ಅಗಲದ ಚಿಕ್ಕ ಸಾಧನಗಳು ಈಗ ಆನ್‌ಲೈನ್ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಕೊಂಡವರು ಸ್ವಲ್ಪ ದಿನದಲ್ಲೇ ಒಂದು ಸಲಹೆ ಕೇಳುತ್ತಾರೆ: "ಕಂಪನಿಯ ಫರ್ಮ್‌ವೇರ್ ಸರಿಯಿಲ್ಲ, ಬೇರೆಯದನ್ನು ಹಾಕಿಕೊಳ್ಳಿ." ಅದರ ಬೆನ್ನಿಗೇ ಒಂದು ಎಚ್ಚರಿಕೆಯೂ ಬರುತ್ತದೆ: "ಹಾಗೆ ಮಾಡಿದರೆ ಸಾಧನ ಬ್ರಿಕ್ ಆಗುತ್ತದೆ", ಅಂದರೆ ಮತ್ತೆ ಚಾಲೂ ಆಗದಂತೆ ಕೆಡುತ್ತದೆ. ಈ ಭಯದಲ್ಲಿ ಎಷ್ಟು ನಿಜವಿದೆ?

ಉತ್ತರ ಸಾಧನದಿಂದ ಸಾಧನಕ್ಕೆ ಬೇರೆಯಾಗುತ್ತದೆ. ಇಲ್ಲಿ ಬಹಳ ಜನರ ಕೈಯಲ್ಲಿರುವ ಮಿಯೂ ಮಿನಿ ಪ್ಲಸ್ ಎಂಬ ಸಾಧನವನ್ನೂ, ಅದಕ್ಕೆ ಉತ್ಸಾಹಿಗಳು ಬರೆದು ಉಚಿತವಾಗಿ ಕೊಡುವ ಓನಿಯನ್ ಎಂಬ ತಂತ್ರಾಂಶವನ್ನೂ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಯಾವುದು ಎಲ್ಲಿರುತ್ತದೆ?

ಮಿಯೂ ಮಿನಿ ಪ್ಲಸ್‌ನೊಳಗೆ 128 ಎಂಬಿ ರ‍್ಯಾಮ್ ಇರುವ ಪುಟ್ಟ ಲಿನಕ್ಸ್ ಕಂಪ್ಯೂಟರ್ ಇದೆ. ಪರದೆ ಮೂರೂವರೆ ಇಂಚಿನದು, 640 x 480 ಚುಕ್ಕೆಗಳದ್ದು. ಸಾಧನದ ಒಳಗೇ ಬೆಸುಗೆ ಹಾಕಿರುವ ಒಂದು ಚಿಕ್ಕ ಫ್ಲ್ಯಾಶ್ ಚಿಪ್ಪಿನಲ್ಲಿ, ಯಂತ್ರವನ್ನು ಎಬ್ಬಿಸಿ ಪರದೆ, ಗುಂಡಿಗಳನ್ನು ಸಿದ್ಧಪಡಿಸುವ ಮೂಲ ತಂತ್ರಾಂಶವಿರುತ್ತದೆ. ಉಳಿದದ್ದು, ಅಂದರೆ ಹಳೆಯ ಯಂತ್ರಗಳಂತೆ ನಟಿಸುವ ಎಮ್ಯುಲೇಟರ್‌ಗಳು, ಗೇಮ್‌ಗಳು, ನಾವು ಉಳಿಸಿಕೊಂಡ ಆಟಗಳು, ಎಲ್ಲವೂ ಇರುವುದು ಮೈಕ್ರೊ ಎಸ್‌ಡಿ ಕಾರ್ಡಿನಲ್ಲಿ.

ಒಳಗಿನ ತಂತ್ರಾಂಶ ಎಚ್ಚರವಾದ ಮೇಲೆ ಕಾರ್ಡಿನಲ್ಲಿ `.tmp_update` ಎಂಬ ಫೋಲ್ಡರ್ ಇದೆಯೇ ಎಂದು ನೋಡುತ್ತದೆ. ಇದ್ದರೆ ಅದರೊಳಗಿನ `updater` ಎಂಬ ಕಡತವನ್ನು ನಡೆಸುತ್ತದೆ. ಓನಿಯನ್ ಬಳಸಿಕೊಳ್ಳುವುದು ಇದೇ ಬಾಗಿಲನ್ನು. ಮನೆಯ ತಳಪಾಯವನ್ನು ಅದು ಮುಟ್ಟುವುದಿಲ್ಲ. ತೆರೆದಿರುವ ಬಾಗಿಲಿನಿಂದ ಒಳಗೆ ಬಂದು ಕೂರುತ್ತದೆ, ಅಷ್ಟೆ. ಆದ್ದರಿಂದ ಕಾರ್ಡನ್ನು ತೆಗೆದರೆ ಓನಿಯನ್ ಕೂಡ ಹೋಯಿತು. ಹಳೆಯ ಕಾರ್ಡನ್ನು ಮತ್ತೆ ಹಾಕಿದರೆ ಸಾಧನ ಕೊಂಡ ದಿನ ಇದ್ದಂತೆಯೇ ಇರುತ್ತದೆ. ಈ ಸಾಧನದ ಮಟ್ಟಿಗೆ, ಓನಿಯನ್ ಹಾಕಿದ್ದರಿಂದ ಬ್ರಿಕ್ ಆಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ.

ನಿಜವಾದ ದುರ್ಬಲ ಕೊಂಡಿ: ಕಾರ್ಡ್

ಎಲ್ಲವೂ ಕಾರ್ಡಿನಲ್ಲಿದೆ ಎಂದ ಮೇಲೆ, ಕಾರ್ಡ್ ಕೆಟ್ಟರೆ ಎಲ್ಲವೂ ಹೋಯಿತು ಎಂದೇ ಅರ್ಥ. ಡಬ್ಬದ ಜೊತೆ ಬರುವ ಹೆಸರಿಲ್ಲದ ಕಾರ್ಡುಗಳು ಹಲವು ಬಾರಿ ಬೇಗ ಕೈಕೊಡುತ್ತವೆ. ಅದಕ್ಕೇ ಮೊದಲ ಕೆಲಸವೆಂದರೆ ಅದನ್ನು ಕಂಪ್ಯೂಟರಿಗೆ ಪೂರ್ತಿ ನಕಲು ಮಾಡಿ ಎತ್ತಿಡುವುದು, ಓನಿಯನ್‌ಗೆ ಬೇರೆ ಹೊಸ ಕಾರ್ಡ್ ಕೊಳ್ಳುವುದು.

ಹೊಸ ಕಾರ್ಡೂ ನಕಲಿಯಾಗಿರಬಹುದು. 8 ಜಿಬಿ ಚಿಪ್ಪಿಗೆ "ನಾನು 64 ಜಿಬಿ" ಎಂದು ಸುಳ್ಳು ಹೇಳಲು ಕಲಿಸಿ ಮಾರುವುದುಂಟು. ಮೊದಲ 8 ಜಿಬಿ ತುಂಬುವವರೆಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆಮೇಲೆ ಬರೆದದ್ದು ಎಲ್ಲಿಯೂ ಉಳಿಯುವುದಿಲ್ಲ, ಅಥವಾ ಮೊದಲಿದ್ದುದರ ಮೇಲೆಯೇ ಬಂದು ಕೂರುತ್ತದೆ. ಕಂಪ್ಯೂಟರ್ ಮಾತ್ರ "ನಕಲು ಮುಗಿಯಿತು" ಎನ್ನುತ್ತದೆ. ಕೆಲವು ಗೇಮ್‌ಗಳು ತೆರೆಯುತ್ತವೆ, ಕೆಲವು ತೆರೆಯುವುದಿಲ್ಲ. ಜನ ಫರ್ಮ್‌ವೇರನ್ನು ಬೈಯುತ್ತಾರೆ.

ಇದನ್ನು ಖಚಿತವಾಗಿ ಪತ್ತೆ ಮಾಡುವ ದಾರಿ: ಕಾರ್ಡಿನ ತುಂಬ ಬರೆದು, ಮತ್ತೆ ಓದಿ ಹೋಲಿಸುವುದು. ವಿಂಡೋಸ್‌ನಲ್ಲಿ `H2testw` ಎಂಬ ಉಚಿತ ತಂತ್ರಾಂಶ ಈ ಕೆಲಸ ಮಾಡುತ್ತದೆ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ `F3` ಇದೆ. ಕಾರ್ಡ್ `/mnt/card` ಎಂಬಲ್ಲಿ ತೆರೆದುಕೊಂಡಿದ್ದರೆ:

```
f3write /mnt/card
f3read /mnt/card
```

ಕಾರ್ಡ್ ಸೆಕೆಂಡಿಗೆ 15 ಎಂಬಿ ವೇಗದಲ್ಲಿ ಬರೆದರೆ 64 ಜಿಬಿ ತುಂಬಲು ಸುಮಾರು 70 ನಿಮಿಷ ಬೇಕು, ಓದಲು ಇನ್ನಷ್ಟು ಹೊತ್ತು. ಬೇಸರದ ಕೆಲಸವೇ ಸರಿ. ಆದರೆ ಹಿಂದಿರುಗಿಸುವ ಗಡುವು ಮುಗಿಯುವ ಮೊದಲು ನಕಲಿ ಕಾರ್ಡನ್ನು ಗುರುತಿಸಲು ಇದಕ್ಕಿಂತ ಖಚಿತವಾದ ಪರೀಕ್ಷೆ ಇಲ್ಲ. ಓದಿದಾಗ ಒಂದಿಷ್ಟು ಭಾಗ ಹಾಳಾಗಿದೆ ಎಂದು ತೋರಿಸಿದರೆ ಆ ಕಾರ್ಡನ್ನು ಬಳಸಬೇಡಿ.

ಸ್ಥಾಪನೆ ಹೇಗೆ, ತಪ್ಪುವುದು ಎಲ್ಲಿ?

ಕಾರ್ಡನ್ನು `FAT32` ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಬೇಕು. ಅಂಗಡಿಯಿಂದ ಬರುವ 64 ಜಿಬಿ ಕಾರ್ಡುಗಳು ಸಾಮಾನ್ಯವಾಗಿ `exFAT` ಆಗಿರುತ್ತವೆ. ವಿಂಡೋಸ್‌ನ ಮಾಮೂಲಿ ಫಾರ್ಮ್ಯಾಟ್ ಕಿಟಕಿ 32 ಜಿಬಿಗಿಂತ ದೊಡ್ಡ ಕಾರ್ಡಿಗೆ `FAT32` ಆಯ್ಕೆಯನ್ನೇ ಕೊಡುವುದಿಲ್ಲವಾದ್ದರಿಂದ, `Rufus`ನಂಥ ಬೇರೆ ಸಾಧನ ಬೇಕಾಗುತ್ತದೆ. ಫಾರ್ಮ್ಯಾಟ್ ಮಾಡುವಾಗ ಸರಿಯಾದ ಡ್ರೈವ್ ಆರಿಸಿದ್ದೀರಾ ಎಂದು ಎರಡು ಸಲ ನೋಡಿ. ಈ ಇಡೀ ಕೆಲಸದಲ್ಲಿ ನಿಮ್ಮ ಬೇರೆ ದಾಖಲೆಗಳು ಅಳಿಸಿಹೋಗುವ ಅಪಾಯ ಇರುವುದು ಇಲ್ಲಿಯೇ.

ಆಮೇಲೆ ಓನಿಯನ್‌ನ ಜಿಪ್ ಕಡತವನ್ನು ಅದರ ಅಧಿಕೃತ ಗಿಟ್‌ಹಬ್ ಪುಟದಿಂದ ಇಳಿಸಿಕೊಂಡು, ಒಳಗಿರುವ ಎಲ್ಲವನ್ನೂ ಕಾರ್ಡಿನ ಮೊದಲ ಹಂತಕ್ಕೆ ನಕಲು ಮಾಡಬೇಕು. ಕಾರ್ಡನ್ನು ತೆರೆದ ಕೂಡಲೇ `.tmp_update`, `miyoo`, `RetroArch` ಮುಂತಾದ ಫೋಲ್ಡರ್‌ಗಳು ಕಾಣಬೇಕು. ಕಾರ್ಡನ್ನು ಸಾಧನಕ್ಕೆ ಹಾಕಿ ಚಾಲೂ ಮಾಡಿದರೆ ಸ್ಥಾಪನೆ ತಾನಾಗಿ ಶುರುವಾಗುತ್ತದೆ, ಕೊನೆಗೆ ಯಾವ ಯಾವ ಎಮ್ಯುಲೇಟರ್ ಬೇಕೆಂದು ಕೇಳುತ್ತದೆ. ಅದು ಮುಗಿಯುವವರೆಗೆ ಸಾಧನವನ್ನು ಆರಿಸಬಾರದು.

ಸ್ಥಾಪನೆಯ ಪರದೆ ಬರಲೇ ಇಲ್ಲವೆಂದರೆ ಕಾರಣ ಬಹುಮಟ್ಟಿಗೆ ಎರಡರಲ್ಲಿ ಒಂದು. ಮೊದಲನೆಯದು, ಜಿಪ್ ಬಿಚ್ಚುವಾಗ ವಿಂಡೋಸ್ ತಾನೇ ಒಂದು ಹೊಸ ಫೋಲ್ಡರ್ ಮಾಡಿ ಎಲ್ಲವನ್ನೂ ಅದರೊಳಗೆ ಇಟ್ಟಿರುತ್ತದೆ. ನೀವು ಆ ಫೋಲ್ಡರನ್ನೇ ನಕಲು ಮಾಡಿದ್ದರೆ `.tmp_update` ಒಂದು ಹಂತ ಒಳಗೆ ಹೋಗಿರುತ್ತದೆ, ಸಾಧನ ಅಲ್ಲಿಯವರೆಗೆ ಹುಡುಕುವುದಿಲ್ಲ. ಎರಡನೆಯದು ಮ್ಯಾಕ್ ಬಳಸುವವರ ತೊಂದರೆ. ಚುಕ್ಕೆಯಿಂದ ಶುರುವಾಗುವ ಹೆಸರುಗಳನ್ನು ಮ್ಯಾಕ್ ಬಚ್ಚಿಡುತ್ತದೆ. ಕಾಣುವುದನ್ನಷ್ಟೇ ಆರಿಸಿ ನಕಲು ಮಾಡಿದರೆ ಮುಖ್ಯವಾದದ್ದೇ ಹಿಂದುಳಿಯುತ್ತದೆ. ಕಮಾಂಡ್, ಶಿಫ್ಟ್ ಮತ್ತು ಚುಕ್ಕೆಯ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದು ಕಾಣಿಸುತ್ತದೆ.

ಗೇಮ್ ಮತ್ತು ಥೀಮ್

ಒಂದು ಗೇಮ್ ಸೇರಿಸಿ ನೋಡೋಣ. 2017ರಲ್ಲಿ ಬಂದ "ಟೋಬು ಟೋಬು ಗರ್ಲ್" ಹಳೆಯ ಗೇಮ್ ಬಾಯ್‌ಗಾಗಿ ಹೊಸದಾಗಿ ಬರೆದ ಆಟ. ರಚಿಸಿದವರೇ ಉಚಿತವಾಗಿ ಕೊಟ್ಟಿದ್ದಾರೆ. ಅದರ `.gb` ಕಡತವನ್ನು ಕಾರ್ಡಿನ `Roms` ಫೋಲ್ಡರಿನೊಳಗಿನ `GB` ಫೋಲ್ಡರಿಗೆ ಹಾಕಿ. ಸಾಧನಕ್ಕೆ ಗೇಮ್ ಯಾವ ಯಂತ್ರದ್ದೆಂದು ತಿಳಿಯುವುದು ಫೋಲ್ಡರಿನ ಹೆಸರಿನಿಂದಲೇ. `GBA`ಯಲ್ಲಿ ಹಾಕಿದರೆ ಅದು ಬೇರೆ ಯಂತ್ರದ ಜಾಗ. ಸರಿಯಾದ ಜಾಗದಲ್ಲಿದ್ದೂ ಕಾಣದಿದ್ದರೆ ಗಾಬರಿ ಬೇಡ. ವೇಗಕ್ಕಾಗಿ ಸಾಧನ ಹಳೆಯ ಪಟ್ಟಿಯನ್ನು ನೆನಪಿಟ್ಟುಕೊಂಡಿರುತ್ತದೆ, ಮೆನುವಿನಲ್ಲಿ `Refresh roms` ಆರಿಸಿದರೆ ಹೊಸ ಪಟ್ಟಿ ಮಾಡಿಕೊಳ್ಳುತ್ತದೆ.

ಥೀಮ್ ಇನ್ನೂ ಸರಳ. ಇಳಿಸಿಕೊಂಡ ಥೀಮನ್ನು `Themes` ಫೋಲ್ಡರಿಗೆ ಹಾಕಿ, ಸಾಧನದಲ್ಲಿ ಥೀಮ್ ಬದಲಿಸುವ ಆ್ಯಪ್ ತೆರೆದರೆ ಆಯಿತು. ಅದರೊಳಗೆ ಇರುವುದು ಹಿನ್ನೆಲೆ ಚಿತ್ರಗಳು, ಐಕಾನ್‌ಗಳು, ಸದ್ದುಗಳು, ಜೊತೆಗೆ ಬಣ್ಣ-ಅಕ್ಷರಗಳ ಅಳತೆ ಹೇಳುವ `config.json`. ಥೀಮ್ ಬದಲಿಸಿದರೆ ಗೇಮ್ ವೇಗವಾಗುತ್ತದೆ ಎನ್ನುವುದು ಬರಿಯ ನಂಬಿಕೆ. ಆಟ ಶುರುವಾದ ಮೇಲೆ ಥೀಮಿಗೆ ಅಲ್ಲಿ ಕೆಲಸವಿಲ್ಲ.

ಇನ್ನೊಂದು ನಂಬಿಕೆಯೂ ಓಡಾಡುತ್ತಿದೆ: ಯಾವ ಗೇಮನ್ನಾದರೂ ಇಳಿಸಿಕೊಂಡು 24 ಗಂಟೆಯೊಳಗೆ ಅಳಿಸಿದರೆ ತಪ್ಪಿಲ್ಲ ಎಂದು. ಅಂಥ ನಿಯಮ ಕಾನೂನಿನಲ್ಲಿಲ್ಲ. ಭಾರತದ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, ಒಂದು ತಂತ್ರಾಂಶದ ಪ್ರತಿಯನ್ನು ನ್ಯಾಯವಾಗಿ ಹೊಂದಿರುವವರು ಅದೇ ಪ್ರತಿಯಿಂದ ರಕ್ಷಣೆಗಾಗಿ ಬ್ಯಾಕಪ್ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ಸಾವಿರಾರು ಗೇಮ್ ತುಂಬಿಸಿ ಮಾರುವ ಕಾರ್ಡುಗಳಿಗೆ ಇದು ರಕ್ಷಣೆಯಾಗದು.

ಹಾಗಾದರೆ ಬ್ರಿಕ್ ಆಗುವ ಮಾತು ಎಲ್ಲಿಂದ ಬಂತು?

ಪೂರ್ತಿ ಸುಳ್ಳಿನಿಂದಲ್ಲ. ಒಳಗಿನ ಫ್ಲ್ಯಾಶ್ ಚಿಪ್ಪನ್ನೇ ಬದಲಿಸುವ ಒಂದು ಕೆಲಸ ಬೇರೆ ಇದೆ, ಅದು ಕಂಪನಿಯೇ ಕೊಡುವ ಮೂಲ ಫರ್ಮ್‌ವೇರಿನ ನವೀಕರಣ. ಪ್ಲಸ್‌ಗೆ ಅದರ ಕಡತ `miyoo354_fw.img`, ಮೊದಲಿನ ಮಿಯೂ ಮಿನಿಗೆ `miyoo283_fw.img`. ಬರೆಯುತ್ತಿರುವಾಗ ವಿದ್ಯುತ್ ಕಡಿತವಾದರೆ ಅಥವಾ ಒಂದು ಮಾದರಿಯ ಕಡತವನ್ನು ಹೆಸರು ಬದಲಿಸಿ ಇನ್ನೊಂದಕ್ಕೆ ಹಾಕಿದರೆ, ಯಂತ್ರವನ್ನು ಎಬ್ಬಿಸುವ ತಂತ್ರಾಂಶವೇ ಅರೆಬರೆಯಾಗುತ್ತದೆ. ಆಗ ಕಾರ್ಡ್ ಬದಲಿಸಿ ಪ್ರಯೋಜನವಿಲ್ಲ, ಏಕೆಂದರೆ ಕಾರ್ಡನ್ನು ಓದುವವರೇ ಒಳಗಿಲ್ಲ. ಅಗತ್ಯವಿದ್ದಾಗ ಮಾತ್ರ, ಚಾರ್ಜರ್ ಗಟ್ಟಿಯಾಗಿ ಸಿಕ್ಕಿಸಿಟ್ಟು, ಮಾದರಿಯ ಹೆಸರು ನೋಡಿ ಮಾಡಬೇಕಾದ ಕೆಲಸವಿದು. ಮುಗಿದ ಮೇಲೆ ಆ ಕಡತವನ್ನು ಕಾರ್ಡಿನಿಂದ ಅಳಿಸಬೇಕು.

ಬೇರೆ ಯಾವುದೇ ಸಾಧನ ಕೊಂಡಾಗಲೂ ಕೇಳಬೇಕಾದ ಪ್ರಶ್ನೆ ಇದೇ: ಈ ಫರ್ಮ್‌ವೇರ್ ಬರೆಯುವುದು ಕಾರ್ಡಿಗೋ, ಒಳಗಿನ ಚಿಪ್ಪಿಗೋ? ಕಾರ್ಡಿಗಾದರೆ ಕಳೆದುಕೊಳ್ಳುವುದು ಹೆಚ್ಚೆಂದರೆ ಉಳಿಸಿಟ್ಟ ಆಟಗಳನ್ನು. ಅದಕ್ಕೂ ಉಪಾಯವಿದೆ: ಆಗಾಗ `Saves` ಫೋಲ್ಡರನ್ನು ಕಂಪ್ಯೂಟರಿಗೆ ನಕಲು ಮಾಡಿಡಿ, ಸಾಧನವನ್ನು ಆರಿಸದೆ ಕಾರ್ಡನ್ನು ಎಂದೂ ಹೊರಗೆ ಎಳೆಯಬೇಡಿ.