ಹೋಟೆಲು ಯಾವ ಖಾನೆಗೆ ಸೇರಬೇಕು?

ಮೈಕೆಲ್ ಪೋರ್ಟರ್ 1979ರಲ್ಲಿ ಮಂಡಿಸಿದ ಐದು ಸ್ಪರ್ಧಾ ಶಕ್ತಿಗಳ ಚೌಕಟ್ಟು ಎಂಬಿಎ ತರಗತಿಯ ಕಾಯಂ ಪಾಠ. ಆನ್‌ಲೈನ್ ಊಟದ ಉದ್ಯಮವನ್ನು ಅದರಲ್ಲಿ ಅಳೆಯುವ ವಿದ್ಯಾರ್ಥಿ ಹೆಚ್ಚಾಗಿ ಎಡವುವುದು ಒಂದೇ ಕಡೆ. ಹೋಟೆಲುಗಳನ್ನು ‘ಪೂರೈಕೆದಾರರು’ ಎಂದು ಕರೆದು, ಅವು ಸಾವಿರಾರು ಇರುವುದರಿಂದ ಅವಕ್ಕೆ ಬಲವಿಲ್ಲ ಎಂದು ಮುಂದೆ ಹೋಗಿಬಿಡುತ್ತಾನೆ.

ಚೆನ್ನೈನ ಎಗ್ಮೋರ್ ರೈಲು ನಿಲ್ದಾಣದ ಬಳಿ ಕೆನೆಟ್ ಲೇನ್ ಇದೆ. ಲಾಡ್ಜು, ಹೋಟೆಲುಗಳ ಬೀದಿ. ರೈಲಿಳಿದವರು ಹಸಿದುಕೊಂಡೇ ಬರುತ್ತಾರೆ. 300 ರೂಪಾಯಿ ಬಿಲ್ಲಿಗೆ ಆ್ಯಪ್ 25 ಶೇಕಡಾ ಕಮಿಷನ್ ಹಿಡಿಯುತ್ತದೆ ಅಂದುಕೊಳ್ಳಿ. ಹೋಟೆಲಿಗೆ ಉಳಿಯುವುದು 225. ಅದೇ ಊಟವನ್ನು ಮೇಜಿನ ಮೇಲೆ ಬಡಿಸಿದರೆ ಪೂರ್ತಿ 300. ಹಾಗಾಗಿ ಜನ ತುಂಬಿದ ಹೊತ್ತಿನಲ್ಲಿ ಇಲ್ಲಿನ ಮಾಲೀಕ ಆ್ಯಪನ್ನು ಆಫ್ ಮಾಡಿ ಕೂರಬಲ್ಲ. ಮೇಜೇ ಇಲ್ಲದ ಕ್ಲೌಡ್ ಕಿಚನ್‌ಗೆ ಆ ದಾರಿಯಿಲ್ಲ. 2020ರ ಜನವರಿಯಲ್ಲಿ ಊಬರ್ ಈಟ್ಸ್‌ನ ಭಾರತದ ವ್ಯವಹಾರವನ್ನು ಜೊಮ್ಯಾಟೊ ಕೊಂಡ ಮೇಲಂತೂ ಅದಕ್ಕೆ ಉಳಿದ ದೊಡ್ಡ ಬಾಗಿಲುಗಳು ಎರಡೇ: ಜೊಮ್ಯಾಟೊ, ಸ್ವಿಗ್ಗಿ.

ಇನ್ನೊಂದು ತೊಡಕು. ಕಮಿಷನ್ ಕೊಡುವವನು, ಪಟ್ಟಿಯಲ್ಲಿ ಮೇಲೆ ಕಾಣಲು ಜಾಹೀರಾತಿಗೆ ದುಡ್ಡು ಸುರಿಯುವವನು ಹೋಟೆಲಿನವನೇ. ಅಂದರೆ ಅವನು ಆ್ಯಪಿನ ಗಿರಾಕಿಯೂ ಹೌದು. ಪ್ರಬಂಧದಲ್ಲಿ ಅವನಿಗೆ ಎರಡೂ ಖಾನೆಗಳಲ್ಲಿ ಜಾಗ ಬೇಕು. ‘ಬಲ ಕಡಿಮೆ’ ಎಂದು ಬರೆಯುವ ಮುನ್ನ ಕೇಳಬೇಕಾದದ್ದು ಹೋಟೆಲುಗಳ ಸಂಖ್ಯೆಯನ್ನಲ್ಲ. ಒಂದೊಂದರ ವ್ಯಾಪಾರದಲ್ಲಿ ಎಷ್ಟು ಪಾಲು ಆ್ಯಪಿನಿಂದ ಬರುತ್ತದೆ ಎಂಬುದನ್ನು.